ಎರಡು ಸಲ ಕಟ್ಟಿದ ನೋಂದಣಿ ಶುಲ್ಕ ಖಜಾನೆಯಿಂದ ವಾಪಸ್ ಬಂತು

ತೀರ್ಥಹಳ್ಳಿ ಕಡೆಯ ಒಂದು ಪಾರ್ಟಿಯ ವಿಭಾಗ ಪತ್ರಕ್ಕೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಶುಲ್ಕ ಕಟ್ಟುವ ಹೊತ್ತಿಗೆ ಮಳೆಗೆ ನೆಟ್ ಹೋಯಿತು. ಯುಪಿಐನಲ್ಲಿ ದುಡ್ಡು ಕಟ್ ಆಗಿತ್ತು, ಪರದೆಯಲ್ಲಿ ಮಾತ್ರ ಬಾಕಿ ಅಂತಲೇ ಇತ್ತು. ಸ್ಲಾಟ್ ತಪ್ಪುತ್ತದೆ ಎಂದು ಅವರ ಮಗ ಇನ್ನೊಮ್ಮೆ ಕಟ್ಟಿದ. ಆರು ಸಾವಿರದ ಆಸುಪಾಸು ಹೆಚ್ಚುವರಿ ಹೋಯಿತು. ನಮ್ಮ ಪತ್ರ ಬರಹಗಾರರದೆಲ್ಲ ಒಂದೇ ಮಾತು: "ಸರ್ಕಾರಕ್ಕೆ ಹೋದದ್ದು ಹೋಯ್ತು, ಬಿಟ್ಬಿಡಿ ಮಾರಾಯ್ರೆ." ನಾನು ಬಿಡಲಿಲ್ಲ.

ಮೊದಲು ಎರಡೂ ಚಲನ್ ನಂಬರ್ ಹಾಕಿ ಸರ್ಕಾರಿ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಸ್ಥಿತಿ ನೋಡಬೇಕು. ಎರಡನೆಯದು ಅಲ್ಲಿಗೆ ತಲುಪಿಲ್ಲವಾದರೆ ದುಡ್ಡು ನಡುದಾರಿಯಲ್ಲಿ ಸಿಕ್ಕಿಕೊಂಡಿದೆ. ಅಂಥದ್ದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದೆ: ಯುಪಿಐ ಪಾವತಿ ಖಾತ್ರಿಯಾಗದಿದ್ದರೆ ವಹಿವಾಟಿನ ದಿನದಿಂದ 5 ದಿನದೊಳಗೆ ವಾಪಸ್, ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ನಮ್ಮದರಲ್ಲಿ ಎರಡೂ ಚಲನ್ ಜಮಾ ಆಗಿದ್ದವು. ಪಾರ್ಟಿಯವರು ಬ್ಯಾಂಕಿಗೆ ಅಲೆದು ಸುಮಾರು ಮೂರು ವಾರ ಕಳೆದರು; ಬ್ಯಾಂಕಿನವರು ವಹಿವಾಟು ಯಶಸ್ವಿ ಎಂದು ಬರೆದು ದೂರು ಮುಚ್ಚಿದರು. ಜಮಾ ಆದ ದುಡ್ಡನ್ನು ಬ್ಯಾಂಕು ಮುಟ್ಟಲು ಬರುವುದಿಲ್ಲ. ಇಲಾಖೆ ಮರುಪಾವತಿ ಆದೇಶ ಮಾಡಿ, ಬಿಲ್ಲು ಖಜಾನೆಗೆ ಹೋದರೇ ಅದು ಹೊರಗೆ ಬರುವುದು.

ಅರ್ಜಿಗೆ ಎರಡು ಚಲನ್, ಎರಡೂ ಡೆಬಿಟ್ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಬುಕ್ ಪ್ರತಿ, ರದ್ದು ಮಾಡಿದ ಚೆಕ್ಕು ಲಗತ್ತಿಸಿದೆ. ಫೈಲು ವಾಪಸ್ ಬಂತು. ಎರಡನೇ ಚಲನ್ ಬೇರೆ ಯಾವ ದಸ್ತಾವೇಜಿಗೂ ಬಳಕೆಯಾಗಿಲ್ಲ ಎಂಬ ಹಿಂಬರಹ ಬೇಕಿತ್ತು. ಗಂಟು ಇದ್ದದ್ದೇ ಅಲ್ಲಿ. ಅರ್ಜಿಯನ್ನು ಹೊಸದಾಗಿ ಬರೆದೆ: ಮೊದಲನೇ ಚಲನ್ ಇಂಥ ನಂಬರಿನ ದಸ್ತಾವೇಜಿಗೆ ಹೊಂದಾಣಿಕೆಯಾಗಿದೆ, ಎರಡನೆಯದು ಹಾಗೇ ಉಳಿದಿದೆ, ಪರಿಶೀಲಿಸಿ ಹಿಂಬರಹ ಕೊಡಿ. ಆ ಸಾಲನ್ನು ಯಾರ ಮೇಜಿಗೆ, ಯಾವ ಹೊತ್ತಿನಲ್ಲಿ ಒಯ್ಯಬೇಕು ಅನ್ನುವುದು ನನ್ನಲ್ಲೇ ಇರಲಿ, ಅದೇ ನನ್ನ ಕಸುಬು.

ಮುಂದಿನ ತೊಡಕು ಹೆಸರಿನದು. ಚಲನ್ ಅಪ್ಪನ ಹೆಸರಲ್ಲಿ, ದುಡ್ಡು ಹೋದದ್ದು ಮಗನ ಖಾತೆಯಿಂದ. ಮಗನ ಖಾತೆಗೇ ಕೇಳಿದ್ದರೆ ಇನ್ನೊಂದು ಸುತ್ತು ತಕರಾರು ಬರುತ್ತಿತ್ತು. ಅಪ್ಪನ ಖಾತೆಗೇ ಕೊಡಿ ಎಂದು ಬರೆದು, ಮಗನಿಂದ ಒಪ್ಪಿಗೆ ಪತ್ರ ಹಾಕಿಸಿದೆ. ಖಜಾನೆ-2ರಲ್ಲಿ ಅಪ್ಪನ ಹೆಸರಿಗೆ ಸ್ವೀಕೃತಿದಾರರ ಐಡಿ ಕಚೇರಿಯವರೇ ಮಾಡಿಕೊಂಡರು. ಐಎಫ್‌ಎಸ್‌ಸಿ ಮಾತ್ರ ಪಕ್ಕದಲ್ಲಿ ನಿಂತು ಓದಿ ನೋಡಿಸಿದೆ. ಬ್ಯಾಂಕು ವಿಲೀನವಾದರೂ ಹಳೇ ಪಾಸ್‌ಬುಕ್ಕಿನಲ್ಲಿ ಹಳೇ ಕೋಡೇ ಇರುತ್ತದೆ, ಅದನ್ನು ಹಾಕಿದರೆ ಪಾವತಿ ತಿರುಗಿ ಬರುತ್ತದೆ.

ಇದೇ ದಾರಿಯಲ್ಲಿ ಋಣಭಾರ ಪತ್ರದ ಒಂದು ಜೋಡಿ ಪಾವತಿಯನ್ನೂ ಹಿಡಿದು ನೋಡಿದೆ. ನೂರಾರು ರೂಪಾಯಿಗೆ ಶಿವಮೊಗ್ಗದ ಬಸ್ ಚಾರ್ಜೂ ಹುಟ್ಟುವುದಿಲ್ಲ, ಕೈಬಿಟ್ಟೆ.

ಈ ಪಾರ್ಟಿಗೆ ಅಡಿಕೆ ಕೊಯ್ಲಿನ ಹೊತ್ತಿಗೆ ಪೂರ್ತಿ ದುಡ್ಡು ಖಾತೆಗೆ ಬಿತ್ತು. ಜೆರಾಕ್ಸು, ಓಡಾಟ ಎಲ್ಲ ಸೇರಿ ಐನೂರು ದಾಟಿರಲಿಕ್ಕಿಲ್ಲ. ಬಿಟ್ಬಿಡಿ ಎಂದಿದ್ದವರಲ್ಲಿ ಇಬ್ಬರು ಈಗ ತಮ್ಮ ಪಾರ್ಟಿಗಳ ಚಲನ್ ಹಿಡಿದು ನನ್ನ ಹತ್ತಿರ ಬಂದಿದ್ದಾರೆ.