ಪಾಯದ ಗುಂಡಿ, ಪಕ್ಕದ ಮನೆ, ರಿಸ್ಕ್ ರಿಜಿಸ್ಟರ್‌ನ ಒಂದು ಸಾಲು

ಎರಡು ಬೇಸ್‌ಮೆಂಟ್, ಅದರ ಮೇಲೆ ಐದು ಮಹಡಿ. ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ 7 ಮೀಟರ್ ಆಳ ಮಣ್ಣು ತೆಗೆಯಬೇಕಿದ್ದ ಈ ಕಟ್ಟಡದ ರಿಸ್ಕ್ ರಿಜಿಸ್ಟರ್, ಅಂದರೆ ಕೆಲಸದಲ್ಲಿ ಎದುರಾಗಬಹುದಾದ ಅಪಾಯಗಳ ಪಟ್ಟಿ, ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ರಿಜಿಸ್ಟರ್‌ನಲ್ಲಿ ಒಟ್ಟು 34 ಸಾಲುಗಳಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಮೊದಲಿನಿಂದ ಕೊನೆವರೆಗೆ ಬಿಡಿಸಿ ಹೇಳುತ್ತೇನೆ. ಉಳಿದವಕ್ಕೂ ಅದೇ ಕ್ರಮ.

ಮೊದಲ ಕರಡಿನಲ್ಲಿ ಆ ಸಾಲು ಬರೀ ‘ಮಳೆ’ ಎಂದಿತ್ತು. ಮಳೆ ಬಂದೇ ಬರುತ್ತದೆ, ಅದನ್ನು ತಡೆಯುವ ಕೆಲಸವನ್ನು ಯಾರಿಗೂ ವಹಿಸಲಾಗದು. ಹಾಗಾಗಿ ಪ್ರತಿ ಸಾಲನ್ನೂ ಮೂರು ತುಂಡಾಗಿ ಬರೆಯಲು ಶುರು ಮಾಡಿದೆವು: ಈಗಾಗಲೇ ಇರುವ ಕಾರಣ, ಆಗಬಹುದಾದ ಘಟನೆ, ಅದರಿಂದ ಬೀಳುವ ಪೆಟ್ಟು. ತಿದ್ದಿದ ಮೇಲೆ ಸಾಲು ಹೀಗಾಯಿತು: ‘ಪೂರ್ವದ ಗಡಿಯಲ್ಲಿ ಮೇಲಿನ 2 ಮೀಟರ್ ತುಂಬಿಸಿದ ಮಣ್ಣು, ಮಳೆನೀರು ಇಳಿದರೆ ಕಡಿದ ಬದಿ ಕುಸಿಯಬಹುದು, ಪಕ್ಕದ ಮನೆಯ ಸೈಜುಗಲ್ಲಿನ ಪಾಯ ಕದಲಿ ಜನರಿಗೆ ಅಪಾಯ, ಕೆಲಸ ಸ್ಥಗಿತ.’ ಹೀಗೆ ಬರೆದಾಗ ಎಲ್ಲಿ ಕೈ ಹಾಕಬೇಕೆಂಬುದು ಸಾಲಿನಲ್ಲೇ ಕಾಣುತ್ತದೆ. ನೀರು ಒಳಗೆ ಬರದಂತೆ ನೋಡಬಹುದು, ಬದಿಗೆ ಆಸರೆ ಕೊಡಬಹುದು, ಪಕ್ಕದ ಮನೆಯ ಮೇಲೆ ಕಣ್ಣಿಡಬಹುದು.

ತುಂಬಿಸಿದ ಮಣ್ಣು ಇರುವುದು ಮಣ್ಣು ಪರೀಕ್ಷೆಯ ವರದಿಯಲ್ಲಿ ಇರಲಿಲ್ಲ. ಮೂರು ಬೋರ್‌ಹೋಲ್‌ಗಳೂ ನಿವೇಶನದ ನಡುಭಾಗದಲ್ಲಿದ್ದವು, ಗಡಿಯಲ್ಲಿ ಒಂದೂ ಇರಲಿಲ್ಲ. ಕೆಂಪು ಮಣ್ಣು, ಅದರ ಕೆಳಗೆ ಶಿಥಿಲವಾದ ಬಂಡೆ, ಆಮೇಲೆ ಗಟ್ಟಿ ಕಲ್ಲು ಎಂದು ವರದಿ ಹೇಳಿತ್ತು. ನಡುಭಾಗಕ್ಕೆ ಅದು ಸರಿಯೇ. ಗಡಿಯಿಂದ ಸ್ವಲ್ಪ ಒಳಗೆ, ನಮ್ಮ ಜಾಗದಲ್ಲೇ, 2.5 ಮೀಟರ್ ಆಳದ ಪರೀಕ್ಷಾ ಗುಂಡಿ ತೆಗೆಸಿದಾಗ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತ ಸಡಿಲ ಮಣ್ಣು ಸಿಕ್ಕಿತು. ಹಳೇ ಬಡಾವಣೆಯಲ್ಲಿ ಗಡಿಗೆ ಗುಂಡಿ ತೆಗೆಯದೆ ಈ ಸಾಲಿಗೆ ಅಂಕ ಹಾಕಬೇಡಿ.

ಅಂಕವನ್ನು ಸಾಧ್ಯತೆ 1ರಿಂದ 5, ಪೆಟ್ಟು 1ರಿಂದ 5 ಎಂದು ಹಾಕಿ ಗುಣಿಸಿದೆವು. ಪೆಟ್ಟು 3 ಎಂದರೆ 10ರಿಂದ 20 ದಿನ ವಿಳಂಬ, 5 ಎಂದರೆ 45 ದಿನಕ್ಕಿಂತ ಹೆಚ್ಚು ಅಥವಾ ಜೀವಕ್ಕೆ ಅಪಾಯ ಎಂದು ಮೊದಲೇ ಬರೆದಿಟ್ಟಿದ್ದೆವು. ಗುಣಾಕಾರದಲ್ಲಿ ಒಂದು ದೋಷವಿದೆ. ಸಾಧ್ಯತೆ 1, ಪೆಟ್ಟು 5 ಇರುವ ಸಾಲಿಗೂ ಸಾಧ್ಯತೆ 5, ಪೆಟ್ಟು 1 ಇರುವ ಸಾಲಿಗೂ ಬರುವುದು ಅದೇ 5. ಟೈಲ್ಸ್ ಲೋಡ್ ಎರಡು ದಿನ ತಡವಾಗುವುದೂ ಗೋಡೆ ಕುಸಿಯುವುದೂ ಒಂದೇ ಅಂಕದಲ್ಲಿ ಕೂರುತ್ತವೆ. ಅದಕ್ಕೆ ಜೀವಾಪಾಯದ ಸಾಲುಗಳು ಅಂಕ ಎಷ್ಟೇ ಇರಲಿ ಪಟ್ಟಿಯ ತಲೆಯಲ್ಲೇ ಇರಬೇಕು ಎಂದು ನಿಯಮ ಮಾಡಿಕೊಂಡೆವು. ನಮ್ಮ ಸಾಲಿಗೆ ಬಂದದ್ದು 4 ಗುಣಿಸು 5, ಅಂದರೆ 20.

ಇನ್ನು ಹೊಣೆ ಯಾರದು ಎಂಬ ಕಾಲಂ. ರಿಜಿಸ್ಟರ್ ಸಾಯುವುದು ಹೆಚ್ಚಾಗಿ ಇಲ್ಲೇ. ‘ಸೈಟ್ ಟೀಮ್’ ಎಂದು ಬರೆದರೆ ಯಾರೂ ಅಲ್ಲ ಎಂದರ್ಥ. ಮೊದಲು ಸೇಫ್ಟಿ ಆಫೀಸರ್ ಹೆಸರು ಹಾಕಿದ್ದೆವು, ಅದೂ ತಪ್ಪಾಯಿತು. ಅವರು ಅಪಾಯವನ್ನು ಗುರುತಿಸಬಲ್ಲರು, ಬದಿಗೆ ಆಸರೆಯಾಗಿ ಇಳಿಸುವ ಉಕ್ಕಿನ ಜಾಯಿಸ್ಟ್‌ಗೆ ಆರ್ಡರ್ ಕೊಡಲಾರರು. ಹಣ ಖರ್ಚು ಮಾಡುವ, ಹಿಟಾಚಿ ನಿಲ್ಲಿಸುವ ಎರಡೂ ಅಧಿಕಾರ ಇದ್ದವರು ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರೇ. ಸಾಲಿನ ಹೊಣೆ ಅವರದಾಯಿತು, ರಜೆ ಹಾಕಿದರೆ ಯಾರು ಎಂಬ ಎರಡನೇ ಹೆಸರೂ ಸೇರಿತು.

ಅದರ ಕೆಳಗಿನ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಒಬ್ಬೊಬ್ಬರ ಹೆಸರು ಬರೆದೆವು. ಶೋರಿಂಗ್, ಅಂದರೆ ಕಡಿದ ಬದಿಗೆ ಕೊಡುವ ಆಸರೆಯ ವಿನ್ಯಾಸ ಜಿಯೋಟೆಕ್ನಿಕಲ್ ಕನ್ಸಲ್ಟೆಂಟ್‌ಗೆ. ಗುಂಡಿಯ ಅಂಚಿಗೆ 300 ಮಿಲಿಮೀಟರ್ ಎತ್ತರದ ಬದು, ಹೊರಗೆ ಚರಂಡಿ, ತಳದಲ್ಲಿ ಸಂಪು, ಎರಡು ಪಂಪ್, ಇವೆಲ್ಲ ಮಣ್ಣು ಕೆಲಸದ ಕಾಂಟ್ರಾಕ್ಟರ್‌ನ ಸೂಪರ್‌ವೈಸರ್‌ಗೆ. ಎರಡರಲ್ಲಿ ಒಂದು ಪಂಪ್ ಡೀಸೆಲ್‌ನದು, ಜೋರು ಮಳೆಯಲ್ಲೇ ಕರೆಂಟ್ ಹೋಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಕಾಂಟ್ರಾಕ್ಟರ್ ಕಡೆಯವರ ಹೆಸರು ಹಾಕುವ ಮುಂಚೆ ಆ ಕೆಲಸ ವರ್ಕ್ ಆರ್ಡರ್‌ನಲ್ಲಿ ಇದೆಯೇ ನೋಡಿ. ನಮ್ಮಲ್ಲಿ ಬದು, ಚರಂಡಿ ಎರಡೂ ಇರಲಿಲ್ಲ. ‘ಆರ್ಡರ್‌ನಲ್ಲಿ ಇಲ್ವಲ್ಲ ಸಾರ್’ ಎಂಬ ಉತ್ತರ ನ್ಯಾಯವಾದದ್ದೇ. ತಿದ್ದುಪಡಿ ಕೊಟ್ಟ ಮೇಲೆ ಹೆಸರು ಬರೆದೆವು.

ಪಕ್ಕದ ಮನೆಯ ಸ್ಥಿತಿಯ ದಾಖಲೆ ಸ್ಟ್ರಕ್ಚರಲ್ ಇಂಜಿನಿಯರ್ ಹೊಣೆ. ಈಗಾಗಲೇ ಇರುವ ಬಿರುಕುಗಳಿಗೆ ನಂಬರ್, ಅಗಲ, ತಾರೀಖು ಸಹಿತ ಫೋಟೊ, ಮನೆಯವರ ಸಹಿ. ಇದು ವಿಮೆಗೂ ಬೇಕು. ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯಲ್ಲಿ ಕಂಪನದಿಂದ ಅಥವಾ ಆಸರೆ ತೆಗೆದದ್ದರಿಂದ ಪಕ್ಕದ ಕಟ್ಟಡಕ್ಕೆ ಆಗುವ ಹಾನಿಯ ರಕ್ಷಣೆಯನ್ನು ಸಾಮಾನ್ಯವಾಗಿ ಬೇರೆಯಾಗಿ ಸೇರಿಸಿಕೊಳ್ಳಬೇಕು. ಕೆಲಸಕ್ಕೆ ಮುಂಚೆ ಆ ಕಟ್ಟಡ ಹೇಗಿತ್ತು ಎಂಬ ವರದಿಯನ್ನು ಅಲ್ಲಿ ಕೇಳುತ್ತಾರೆ.

ಪರಿಶೀಲನೆಯ ತಾರೀಖನ್ನು ಎಲ್ಲ ಸಾಲಿಗೂ ‘ತಿಂಗಳ ಕೊನೆ’ ಎಂದು ಹಾಕುವುದು ರೂಢಿ. ಅದರಿಂದ ಉಪಯೋಗವಿಲ್ಲ. ಅಪಾಯ ಎದುರಾಗುವ ದಿನದಿಂದ ಹಿಂದಕ್ಕೆ ಎಣಿಸಬೇಕು. ನಮ್ಮ ಅಗೆತ ಶುರುವಾಗಬೇಕಿದ್ದದ್ದು ಆಗಸ್ಟ್ 18ಕ್ಕೆ. ಬೆಂಗಳೂರಿನಲ್ಲಿ ಮಳೆ ಹೆಚ್ಚು ಸುರಿಯುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಗುಂಡಿ ಪೂರ್ತಿ ಆಳ ತಲುಪುತ್ತಿತ್ತು. ಜಾಯಿಸ್ಟ್ ತರಿಸಿ ಇಳಿಸಲು ನಾಲ್ಕು ವಾರ, ಅದಕ್ಕೂ ಮುಂಚೆ ವಿನ್ಯಾಸಕ್ಕೆ ಎರಡು ವಾರ. ಹಾಗಾಗಿ ಪರೀಕ್ಷಾ ಗುಂಡಿ ಜೂನ್ 30ಕ್ಕೆ, ಮೊದಲ ಪರಿಶೀಲನೆ ಜುಲೈ 1ಕ್ಕೆ. ಕೈಯಲ್ಲಿ ಉಳಿದದ್ದು ಆರೇ ದಿನ. ಜುಲೈ ಕೊನೆಯ ಮೀಟಿಂಗ್‌ವರೆಗೆ ಕಾದಿದ್ದರೆ ಶೋರಿಂಗ್ ಇಲ್ಲದೆಯೇ ಅಗೆತ ಶುರುವಾಗುತ್ತಿತ್ತು. ನೀರಿನ ಕೊರತೆಯ ಸಾಲಿಗೆ ಇದೇ ಲೆಕ್ಕದಲ್ಲಿ ಜನವರಿ ಬಂತು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿದ್ದು ನೆನಪಿರುವವರು ಬೇಸಿಗೆ ನಡುವೆ ಸಂಸ್ಕರಿಸಿದ ನೀರಿನ ಏರ್ಪಾಡಿಗೆ ಓಡಾಡುವುದಿಲ್ಲ.

ಮುಂದಿನ ಪರಿಶೀಲನೆಗಳನ್ನು ಆಳಕ್ಕೆ ಕಟ್ಟಿದೆವು: 3 ಮೀಟರ್, 5 ಮೀಟರ್, 7 ಮೀಟರ್. ಜೊತೆಗೆ ಪಕ್ಕದ ಮನೆಯ ಗೋಡೆಯ ಗುರುತುಗಳನ್ನು ವಾರಕ್ಕೆ ಎರಡು ಸಲ, ಮಳೆಯ ಮರುದಿನ ತಪ್ಪದೆ, ಅಳೆಯುವುದು. ಕುಸಿತ 8 ಮಿಲಿಮೀಟರ್ ಆದರೆ ಅದೇ ದಿನ ಪರಿಶೀಲನೆ, 15 ಆದರೆ ಅಗೆತ ನಿಲ್ಲಬೇಕು. ಈ ಅಂಕೆಗಳು ಆ ಮನೆಗಾಗಿ ವಿನ್ಯಾಸಕಾರರು ಕೊಟ್ಟವು, ಬೇರೆ ಕಡೆಗೆ ನಕಲು ಮಾಡುವಂಥವಲ್ಲ.

ತಾರೀಖು ದಾಟಿದ ಸಾಲು ಕೆಂಪಾಗಲು ಎಕ್ಸೆಲ್‌ನ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಈ ಸೂತ್ರ ಸಾಕು. L ಪರಿಶೀಲನೆಯ ತಾರೀಖು, M ಸ್ಥಿತಿ.

```
=AND($L2<>"",$L2<TODAY(),$M2<>"ಮುಗಿದಿದೆ")
```

ಅಂಕ ಇಳಿಸುವಾಗ ಆಗುವ ತಪ್ಪು ಇನ್ನೊಂದಿದೆ. ಶೋರಿಂಗ್ ಹಾಕುತ್ತೇವೆ ಎಂದು ತೀರ್ಮಾನಿಸಿದ ದಿನವೇ 20 ಇದ್ದದ್ದು 10 ಆಗಿಬಿಡುತ್ತದೆ. ಕೊನೆಯ ಜಾಯಿಸ್ಟ್ ಇಳಿದು, ಚರಂಡಿಯಲ್ಲಿ ನೀರು ಹರಿಸಿ ನೋಡಿದ ಫೋಟೊ ಬರುವವರೆಗೆ ನಾವು 20 ಅನ್ನು ಮುಟ್ಟಲಿಲ್ಲ. ಆಮೇಲೂ ಇಳಿದದ್ದು ಸಾಧ್ಯತೆ ಮಾತ್ರ, 4ರಿಂದ 2ಕ್ಕೆ. ಪೆಟ್ಟು 5 ಆಗಿಯೇ ಉಳಿಯಿತು, ಏಕೆಂದರೆ ಗೋಡೆಯಾಚೆ ಜನ ಮಲಗುವ ಕೋಣೆ ಹಾಗೆಯೇ ಇತ್ತು.

ಅಗೆತ ಮುಗಿಯಿತೆಂದು ಈ ಸಾಲನ್ನು ಮುಚ್ಚಬಾರದು. ಆಗ ಭಾರ ಹೊತ್ತಿರುವುದು ತಾತ್ಕಾಲಿಕ ಆಸರೆ. ಮಣ್ಣು ತಡೆಯುವ ರಿಟೇನಿಂಗ್ ಗೋಡೆ ಎದ್ದ ಕೂಡಲೇ ಹಿಂದೆ ಮಣ್ಣು ತುಂಬಿದರೆ, ಸ್ಲ್ಯಾಬ್‌ಗಳ ಆಸರೆ ನಂಬಿ ವಿನ್ಯಾಸ ಮಾಡಿದ ಗೋಡೆ ವಾಲಬಹುದು. ನೆಲಮಹಡಿಯ ಸ್ಲ್ಯಾಬ್ ಬಿದ್ದು ಬಲ ಬಂದ ಮೇಲೆ, ಪದರ ಪದರವಾಗಿ ಮಣ್ಣು ತುಂಬಿ ದಮ್ಮಸು ಮಾಡಿ, ಗುರುತುಗಳ ಅಳತೆ ನಾಲ್ಕು ವಾರ ಅಲುಗಾಡದೆ ನಿಂತ ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ಆ ಸಾಲಿಗೆ ‘ಮುಗಿದಿದೆ’ ಎಂದು ಬರೆದು ಸಹಿ ಹಾಕಿದರು.