ಸಂವಿಧಾನಕ್ಕೆ ನಾಲ್ಕು ಪುಸ್ತಕ ಇದ್ದವು, ಒಂದನ್ನು ಉಳಿಸಿಕೊಂಡೆ

ಸಿವಿಲ್ ಸರ್ವೀಸಸ್ ಪ್ರಿಲಿಮ್ಸ್‌ಗೆ ಓದೋಕೆ ಶುರು ಮಾಡಿದ ಮೊದಲ ವರ್ಷ, ಬರೀ ಸಂವಿಧಾನದ ವಿಷಯಕ್ಕೇ ನನ್ನ ಮೇಜಿನ ಮೇಲೆ ನಾಲ್ಕು ಪುಸ್ತಕ ಇದ್ದವು. ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕ, ಎಲ್ಲರ ಕೈಯಲ್ಲೂ ಇರುವ ದಪ್ಪ ಪುಸ್ತಕ, ಒಂದು ತೆಳು ಗೈಡು, ಒಂದು ಕೋಚಿಂಗ್‌ನ ಝೆರಾಕ್ಸ್ ನೋಟ್ಸು. ಮೂಲಭೂತ ಹಕ್ಕುಗಳ ಅಧ್ಯಾಯವನ್ನು ನಾಲ್ಕರಲ್ಲೂ ಓದಿದ್ದೆ. ರಾಜ್ಯಪಾಲರ ಅಧ್ಯಾಯವನ್ನು ಒಂದರಲ್ಲೂ ಪೂರ್ತಿ ಮುಗಿಸಿರಲಿಲ್ಲ. ಯಾಕಂದ್ರೆ ಹೊಸ ಪುಸ್ತಕ ಕೈಗೆ ಬಂದಾಗಲೆಲ್ಲ ಮೊದಲ ಪುಟದಿಂದ ಶುರು ಮಾಡುತ್ತಿದ್ದೆ, ಅರ್ಧಕ್ಕೆ ಬರುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು.

ಆ ವರ್ಷ ಪ್ರಿಲಿಮ್ಸ್ ಪಾಸ್ ಆಗಲಿಲ್ಲ. ಮನೆಗೆ ಬಂದು ಪ್ರಶ್ನೆಪತ್ರಿಕೆ ಹಿಡಿದು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ತಪ್ಪು ಮಾಡಿದ ಸಂವಿಧಾನದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ನನ್ನ ಪುಸ್ತಕಗಳಲ್ಲೇ ಇತ್ತು. ಓದಿಯೂ ಇದ್ದೆ. ಆದರೆ ಒಂದೇ ಸಲ ಓದಿದ್ದೆ, ಪರೀಕ್ಷೆಯಲ್ಲಿ ಎರಡು ಆಯ್ಕೆಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೆ. ಇಲ್ಲಿ ಒಂದು ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ, ಹಾಗಾಗಿ ಅರ್ಧ ನೆನಪು ಸುಮ್ನೆ ಬಿಟ್ಟು ಬಂದದ್ದಕ್ಕಿಂತ ಜಾಸ್ತಿ ನಷ್ಟ ಮಾಡುತ್ತದೆ.

ಯಾವ ಪುಸ್ತಕ ಉಳಿಸಿಕೊಳ್ಳಬೇಕು ಅಂತ ಆಮೇಲೆ ಯಾರನ್ನೂ ಕೇಳಲಿಲ್ಲ, ಪ್ರಶ್ನೆಪತ್ರಿಕೆಯನ್ನೇ ಕೇಳಿದೆ. ಹಿಂದಿನ ಮೂರು ವರ್ಷದ ಪತ್ರಿಕೆಗಳು ಆಯೋಗದ ವೆಬ್‌ಸೈಟ್‌ನಲ್ಲೇ ಸಿಗುತ್ತವೆ. ಅದರಿಂದ ಸಂವಿಧಾನದ 45 ಪ್ರಶ್ನೆ ಆರಿಸಿ ಒಂದು ನೋಟ್‌ಬುಕ್‌ನಲ್ಲಿ ಸಾಲಾಗಿ ಬರೆದೆ, ಪಕ್ಕದಲ್ಲಿ ನಾಲ್ಕು ಪುಸ್ತಕಕ್ಕೆ ನಾಲ್ಕು ಕಾಲಂ ಎಳೆದೆ. ಪ್ರತಿ ಪ್ರಶ್ನೆಯ ಉತ್ತರವನ್ನು ಪ್ರತಿ ಪುಸ್ತಕದಲ್ಲಿ ಹುಡುಕಿದೆ. ಕೊಟ್ಟಿರುವ ಎಲ್ಲ ಹೇಳಿಕೆಗಳೂ ಸರಿಯೋ ತಪ್ಪೋ ಅಂತ ಆ ಪುಸ್ತಕವೊಂದರಿಂದಲೇ ತೀರ್ಮಾನ ಮಾಡೋಕೆ ಆದರೆ 2, ಕೆಲವು ಮಾತ್ರ ಆದರೆ 1, ಏನೂ ಸಿಗದಿದ್ದರೆ 0.

ಧನ ವಿಧೇಯಕದ ಪ್ರಶ್ನೆಗಳು ಬಂದಾಗ ಪುಸ್ತಕಗಳ ವ್ಯತ್ಯಾಸ ಚೆನ್ನಾಗಿ ಕಂಡಿತು. ತೆಳು ಗೈಡಿನಲ್ಲಿ ಇದ್ದದ್ದು ಒಂದೇ ಸಾಲು, ರಾಜ್ಯಸಭೆ ಧನ ವಿಧೇಯಕವನ್ನು ತಿರಸ್ಕರಿಸುವಂತಿಲ್ಲ ಅಂತ. ಮಾತು ಸರಿಯೇ. ಆದರೆ ಪ್ರಶ್ನೆ ಅಲ್ಲಿಗೆ ನಿಲ್ಲೋದಿಲ್ಲ ಅಲ್ವಾ? 14 ದಿನದೊಳಗೆ ವಾಪಸ್ ಕಳಿಸದಿದ್ದರೆ ಏನಾಗುತ್ತದೆ, ಅದು ಧನ ವಿಧೇಯಕ ಹೌದೋ ಅಲ್ಲವೋ ಅಂತ ಹೇಳುವವರು ಯಾರು, ಅದಕ್ಕೆ ಜಂಟಿ ಅಧಿವೇಶನ ಕರೆಯಬಹುದಾ, ಹೀಗೆ ಹೇಳಿಕೆ ಮೇಲೆ ಹೇಳಿಕೆ ಕೊಡುತ್ತಾರೆ. ದಪ್ಪ ಪುಸ್ತಕದಲ್ಲಿ 109 ಮತ್ತು 110ನೇ ವಿಧಿಗಳ ಜೊತೆ ಇದೆಲ್ಲ ಒಂದೇ ಕಡೆ ಇತ್ತು, ವಿಧಾನ ಪರಿಷತ್ತಿನ ವಿಷಯ ಬರುವ ಕಡೆ ಅದನ್ನು ರಾಜ್ಯಸಭೆ ಜೊತೆ ಹೋಲಿಸಿದ ಕೋಷ್ಟಕವೂ ಇತ್ತು. ಗೈಡಿಗೆ 1 ಕೊಟ್ಟೆ, ದಪ್ಪ ಪುಸ್ತಕಕ್ಕೆ 2.

ನಾಲ್ಕು ಸಂಜೆ ಹಿಡಿಯಿತು. ಒಟ್ಟು 90ಕ್ಕೆ ದಪ್ಪ ಪುಸ್ತಕಕ್ಕೆ 68 ಬಂತು, ಗೈಡಿಗೆ 41, ನೋಟ್ಸಿಗೆ 39, ಎನ್‌ಸಿಇಆರ್‌ಟಿಗೆ 27. ಆದರೆ ನನ್ನ ಮನಸ್ಸು ಬದಲಾಯಿಸಿದ ಲೆಕ್ಕ ಇದಲ್ಲ. ದಪ್ಪ ಪುಸ್ತಕದ ಜೊತೆಗೆ ಇನ್ನೊಂದನ್ನು ಇಟ್ಟರೆ ಎಷ್ಟು ಹೆಚ್ಚಾಗುತ್ತದೆ ಅಂತ ನೋಡಿದೆ. ಎನ್‌ಸಿಇಆರ್‌ಟಿ ಸೇರಿಸಿದರೆ 72, ನೋಟ್ಸೂ ಸೇರಿಸಿದರೆ 73, ಗೈಡೂ ಸೇರಿಸಿದರೆ 74. ಅಂದರೆ ನೋಟ್ಸು, ಗೈಡು ಎರಡನ್ನೂ ಓದೋಕೆ ನಾನು ಹಾಕಿದ್ದ ತಿಂಗಳುಗಟ್ಟಲೆ ಸಮಯ ತಂದದ್ದು 2 ಅಂಕ. ಕಡಿಮೆ ಅಂಕ ಪಡೆದ ಎನ್‌ಸಿಇಆರ್‌ಟಿ ಮಾತ್ರ 4 ತಂದಿತ್ತು, ಯಾಕಂದ್ರೆ ನಮ್ಮಲ್ಲಿ ಸಂಸದೀಯ ಪದ್ಧತಿ ಯಾಕೆ, ಸಂವಿಧಾನದ ಮಿತಿಗೆ ಒಳಪಟ್ಟ ಸರ್ಕಾರ ಅಂದ್ರೇನು ಅನ್ನುವಂಥ ಪ್ರಶ್ನೆಗಳಿಗೆ ದಪ್ಪ ಪುಸ್ತಕದ ಪಟ್ಟಿಗಳು ಉತ್ತರ ಕೊಡೋದಿಲ್ಲ. ಹಾಗಾಗಿ ಅದನ್ನು ಒಂದು ಸಲ, ಮೊದಲಿಗೆ, ಕಥೆಯ ಹಾಗೆ ಓದಿ ಎತ್ತಿಟ್ಟೆ. ಉಳಿದ 16 ಅಂಕ ನಾಲ್ಕರಲ್ಲಿ ಯಾವುದರಲ್ಲೂ ಇರಲಿಲ್ಲ. ಹೆಚ್ಚಿನವು ಹೊಸ ಕಾನೂನು, ಹೊಸ ತೀರ್ಪಿನವು. ಐದನೇ ಪುಸ್ತಕ ತಂದಿದ್ದರೂ ಅವು ಸಿಗುತ್ತಿರಲಿಲ್ಲ, ದಿನಪತ್ರಿಕೆಯಿಂದಲೇ ಬರಬೇಕು.

ಹುಡುಕುವಾಗ ಸಿಕ್ಕ ಇನ್ನೊಂದು ವಿಷಯ ನನಗೆ ಭಯ ಹುಟ್ಟಿಸಿತು. ಗೈಡಿನ ಪಕ್ಷಾಂತರ ನಿಷೇಧದ ಪುಟದಲ್ಲಿ, ಪಕ್ಷದ ಮೂರನೇ ಒಂದು ಭಾಗ ಸದಸ್ಯರು ಒಡೆದು ಹೋದರೆ ಅನರ್ಹತೆ ಇಲ್ಲ ಅಂತ ಇತ್ತು. 1985ರಲ್ಲಿ 52ನೇ ತಿದ್ದುಪಡಿಯಿಂದ 10ನೇ ಅನುಸೂಚಿ ಬಂದಾಗ ಹಾಗೇ ಇತ್ತು, ನಿಜ. ಆದರೆ 2003ರ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿದೆ. ಈಗ ವಿನಾಯಿತಿ ಉಳಿದಿರುವುದು ಮೂರನೇ ಎರಡು ಭಾಗ ಸದಸ್ಯರು ಒಪ್ಪಿದ ವಿಲೀನಕ್ಕೆ ಮಾತ್ರ. ನಾನು ಈ ಎರಡನ್ನೂ ಬೇರೆ ಬೇರೆ ಪುಸ್ತಕದಲ್ಲಿ ಓದಿದ್ದೆ, ತಲೆಯಲ್ಲಿ ಎರಡೂ ಸರಿ ಅಂತಲೇ ಕೂತಿದ್ದವು. ಪುಸ್ತಕ ಜಾಸ್ತಿ ಆದಷ್ಟೂ ಇಂಥ ಹಳೇ ಸಾಲು ಒಳಗೆ ಸೇರುವ ದಾರಿಯೂ ಜಾಸ್ತಿ.

ಅದಕ್ಕೇ ಈಗ ಸಂವಿಧಾನದ ಯಾವ ಪುಸ್ತಕ ಹಿಡಿದರೂ ಮೊದಲು ನಾಲ್ಕು ಕಡೆ ನೋಡುತ್ತೇನೆ. ಪಕ್ಷಾಂತರದ ಈ ಮೂರನೇ ಒಂದು ಭಾಗ ಇನ್ನೂ ಇದೆಯಾ. ಲೋಕಸಭೆಗೆ ಇಬ್ಬರು ಆಂಗ್ಲೋ ಇಂಡಿಯನ್ ಸದಸ್ಯರ ನಾಮಕರಣ ಇನ್ನೂ ನಡೆಯುತ್ತದೆ ಅನ್ನುವ ಹಾಗೆ ಬರೆದಿದ್ದಾರಾ, ಅದು 2020ರ ಜನವರಿಗೆ ಮುಗಿದಿದೆ. ಕೇಂದ್ರಾಡಳಿತ ಪ್ರದೇಶ ಈಗಿನ ಲೆಕ್ಕದಂತೆ 8 ಅಂತ ಇದೆಯಾ. ಮಹಿಳಾ ಮೀಸಲಾತಿಯ 106ನೇ ತಿದ್ದುಪಡಿ, 2023ರದ್ದು, ಒಳಗಿನ ಅಧ್ಯಾಯದಲ್ಲಿ ಸೇರಿದೆಯಾ ಅಥವಾ ಕೊನೆಯ ಪಟ್ಟಿಗೆ ಮಾತ್ರ ಅಂಟಿಸಿದ್ದಾರಾ. ಮುಖಪುಟದ ಮೇಲೆ ಹೊಸ ವರ್ಷ ಹಾಕಿ ಒಳಗೆ ಹಳೆಯದನ್ನೇ ಬಿಟ್ಟಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಗೈಡು, ನೋಟ್ಸು ಎರಡನ್ನೂ ಕೊಟ್ಟುಬಿಡುವ ಮುಂಚೆ ಒಂದು ಕೆಲಸ ಮಾಡಿದೆ. ಅವುಗಳಲ್ಲಿ ಮಾತ್ರ ಇದ್ದ ಅಂಶಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು ದಪ್ಪ ಪುಸ್ತಕದ ಆಯಾ ಪುಟಕ್ಕೆ ಅಂಟಿಸಿದೆ. ಒಟ್ಟು ಒಂಬತ್ತು ಚೀಟಿ, ಅಷ್ಟೇ. ದಿನಪತ್ರಿಕೆಯಲ್ಲಿ ಬಂದ ತೀರ್ಪು, ತಿದ್ದುಪಡಿಗಳನ್ನೂ ಅಲ್ಲೇ ಅಂಟಿಸುತ್ತಾ ಹೋದೆ, ಬೇರೆ ನೋಟ್‌ಬುಕ್ ಮಾಡಲಿಲ್ಲ. ಮೊದಲ ಓದಿಗೆ 26 ದಿನ ಬೇಕಾಯಿತು, ಎರಡನೆಯದಕ್ಕೆ 11, ಮೂರನೆಯದಕ್ಕೆ 5. ಪರೀಕ್ಷೆ ಹತ್ತಿರ ಬಂದಾಗ ಎರಡೇ ದಿನದಲ್ಲಿ ಇಡೀ ಪುಸ್ತಕ ತಿರುಗಿಸಿದೆ. ಧನ ವಿಧೇಯಕ ಅಂದರೆ ಆ ಎಡಗಡೆ ಪುಟ, ಅದರ ಕೆಳಗಿನ ಕೋಷ್ಟಕವೇ ಕಣ್ಣ ಮುಂದೆ ಬರುತ್ತಿತ್ತು. ಪುಸ್ತಕ ಬದಲಾದರೆ ಪುಟದ ಈ ನೆನಪು ಹೋಗಿಬಿಡುತ್ತದೆ, ಅದಕ್ಕೇ ಹೊಸ ಆವೃತ್ತಿ ಬಂದರೂ ನಾನು ಬದಲಾಯಿಸಲಿಲ್ಲ, ವ್ಯತ್ಯಾಸವನ್ನಷ್ಟೇ ಚೀಟಿಯಲ್ಲಿ ಬರೆದುಕೊಂಡೆ. ಎರಡನೇ ಸಲ ಪ್ರಿಲಿಮ್ಸ್ ದಾಟಿದೆ.

ಎಲ್ಲ ವಿಷಯಕ್ಕೂ ಇದು ಹೀಗೇ ನಡೆಯೋದಿಲ್ಲ. ಆಧುನಿಕ ಇತಿಹಾಸಕ್ಕೆ, ಭೂಗೋಳಕ್ಕೆ ಇದೇ ಕಾಲಂ ಲೆಕ್ಕ ಮಾಡಿದೆ, ಕೆಲಸಕ್ಕೆ ಬಂತು. ಭೂಗೋಳದಲ್ಲಿ ಎನ್‌ಸಿಇಆರ್‌ಟಿಯ ಜೊತೆ ಒಂದು ಅಟ್ಲಾಸ್ ಸಾಕಾಯಿತು. ಅರ್ಥಶಾಸ್ತ್ರದಲ್ಲಿ ಮಾತ್ರ ತೊಂದರೆ ಆಯಿತು. ಅಲ್ಲಿ ಹಣದುಬ್ಬರ, ರೆಪೊ ದರ ಇವುಗಳ ಅರ್ಥ ತಿಳಿಯೋಕೆ ಒಂದು ಪುಸ್ತಕ ಬೇಕು, ಆದರೆ ಅಂಕಿಅಂಶ ಇರುವ ಅಧ್ಯಾಯಗಳು ವರ್ಷಕ್ಕೆ ಹಳಸಿಹೋಗುತ್ತವೆ. ಆ ಅಧ್ಯಾಯಗಳನ್ನು ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಬಿಟ್ಟೆ, ಅವುಗಳ ಜಾಗಕ್ಕೆ ಆ ವರ್ಷದ ಆರ್ಥಿಕ ಸಮೀಕ್ಷೆ ಮತ್ತು ಬಜೆಟ್ ಭಾಷಣ ಇಟ್ಟುಕೊಂಡೆ.