ಒಂದು ಚಮಚ ಹೆಪ್ಪು, ಹತ್ತು ಎಣಿಸುವ ಕಿರುಬೆರಳು

ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇದ್ದರೆ ನಾವು ಬೈಯುವುದು ಹೆಪ್ಪನ್ನು. ಆದರೆ ತಪ್ಪು ಹೆಚ್ಚಾಗಿ ಬಿಸಿಯದ್ದು. ಹಾಸ್ಟೆಲ್‌ನಿಂದ ರಜೆಗೆ ಬಂದ ಮೊಮ್ಮಗಳಿಗೆ ಅಜ್ಜಿ ಡಿಸೆಂಬರ್‌ನ ಒಂದು ರಾತ್ರಿ ಮೊಸರು ಮಾಡಲು ಕಲಿಸುವಾಗ ಅರ್ಧ ಪಾಠ ಅಲ್ಲೇ ಕಳೆಯಿತು.

1. ಹಾಲು ಕಾಯಿಸಿ

ಅರ್ಧ ಲೀಟರ್ ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿ, ಉರಿ ಸಣ್ಣ ಮಾಡಿ ಇನ್ನೂ ಐದು ನಿಮಿಷ ಬಿಡಿ. ಪ್ಯಾಕೆಟ್ ಹಾಲನ್ನು ಡೇರಿಯಲ್ಲೇ ಪಾಶ್ಚರೀಕರಿಸಿರುತ್ತಾರೆ, ನಿಜ. ಆದರೂ ಚೆನ್ನಾಗಿ ಕಾದ ಹಾಲಿನ ಮೊಸರೇ ಗಟ್ಟಿ. ಕೆನೆ ತೆಗೆದ ಹಾಲಿನಲ್ಲೂ ಮೊಸರಾಗುತ್ತದೆ, ಅನ್ನಕ್ಕೆ ಹಾಕಿಕೊಂಡರೆ ತಟ್ಟೆಯ ತುಂಬ ಹರಿಯುತ್ತದೆ, ಅಷ್ಟೆ.

2. ಆರಿಸಿ. ಎಲ್ಲರೂ ಎಡವುವುದು ಇಲ್ಲಿ

"ಅಜ್ಜಿ, ಹಾಲು ಆರಿದೆ. ಹೆಪ್ಪು ಹಾಕ್ಲಾ?"

"ಎಲ್ಲಿ ಮುಟ್ಟಿ ನೋಡ್ದೆ ಪುಟ್ಟಿ?"

"ಮೇಲೆ."

"ಮೇಲೆ ಕೆನೆ ಆರಿರತ್ತೆ. ಕೆಳಗೆ ಇನ್ನೂ ಸುಡ್ತಿರತ್ತೆ. ಸೌಟು ಹಾಕಿ ತಿರುವು, ಆಮೇಲೆ ನೋಡು."

ತಿರುವಿ ಬೆರಳಿಟ್ಟವಳು ಮೂರು ಎಣಿಸುವಷ್ಟರಲ್ಲಿ ಕೈ ಕಿತ್ತಳು. ಕೆನೆ ಕಟ್ಟಿದ ಹಾಲು ಕಂಬಳಿ ಹೊದ್ದ ಹಾಗೆ, ಒಳಗಿನ ಬಿಸಿಯನ್ನು ಬಿಡುವುದಿಲ್ಲ. ಅಜ್ಜಿ ಹಾಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ನಾಲ್ಕು ಸಲ ಹುಯ್ದರು. ಕೆನೆ ಒಡೆದು ಬಿಸಿ ಎಲ್ಲ ಕಡೆ ಒಂದೇ ಆಯಿತು. ಮತ್ತೆ ಕಿರುಬೆರಳು ಅದ್ದಿಸಿದರು. ಬೆಚ್ಚಗಿದೆ ಎಂದು ಗೊತ್ತಾಗಬೇಕು, ಆದರೆ ನಿಧಾನವಾಗಿ ಹತ್ತು ಎಣಿಸುವವರೆಗೂ ಬೆರಳು ಅಲ್ಲೇ ಇರಬೇಕು. ಥರ್ಮಾಮೀಟರ್ ಇದ್ದವರಿಗೆ ಅದು ಸುಮಾರು 40ರಿಂದ 43 ಡಿಗ್ರಿ ಸೆಲ್ಸಿಯಸ್.

ಇಷ್ಟು ಹಟ ಏಕೆಂದರೆ ಹೆಪ್ಪಿನಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಅವು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ, ಆ ಹುಳಿಗೆ ಹಾಲಿನ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಸುಡುವ ಹಾಲಿಗೆ ಹೆಪ್ಪು ಬಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ನಾಲ್ಕು ಬಿಳಿ ಕಾಳು, ಮೇಲೆಲ್ಲ ಹಾಲು. ಹಾಲು ತಣ್ಣಗಿದ್ದರೆ ಅವು ಸಾಯುವುದಿಲ್ಲ, ತೂಕಡಿಸುತ್ತವೆ. ಆಗ ಮೊಸರು ನೀರಾಗಿಯೋ, ಚಮಚ ಎತ್ತಿದರೆ ನೂಲು ಬರುವ ಹಾಗೆ ಲೋಳೆಯಾಗಿಯೋ ಬರುತ್ತದೆ. ಎರಡು ಸೋಲುಗಳ ಗುರುತು ಬೇರೆ ಬೇರೆ. ಕಾಳು ಕಂಡರೆ ಮುಂದಿನ ಸಲ ಇನ್ನಷ್ಟು ಆರಿಸಿ, ಲೋಳೆ ಕಂಡರೆ ಇನ್ನಷ್ಟು ಬೆಚ್ಚಗಿಡಿ.

3. ಹೆಪ್ಪು ಬೆರೆಸಿ

ಅರ್ಧ ಲೀಟರಿಗೆ ಒಂದು ಟೀ ಚಮಚ ಸಾಕು, ಚಳಿಗಾಲದಲ್ಲಿ ಎರಡು. ಬೇಗ ಆಗಲಿ ಎಂದು ಸೌಟುಗಟ್ಟಲೆ ಹಾಕುವವರಿದ್ದಾರೆ. ಬೇಗ ಆಗುತ್ತದೆ, ಬೇಗ ಹುಳಿಯೂ ಆಗಿ ನೀರು ಬಿಡುತ್ತದೆ. ಹೆಪ್ಪನ್ನು ನೇರವಾಗಿ ಮುದ್ದೆಯಾಗಿ ಬಿಡಬೇಡಿ. ಬಟ್ಟಲಿನಲ್ಲಿ ಎರಡು ಚಮಚ ಬೆಚ್ಚಗಿನ ಹಾಲಿನ ಜತೆ ಗಂಟಿಲ್ಲದ ಹಾಗೆ ಕದಡಿ, ಆಮೇಲೆ ಪಾತ್ರೆಗೆ ಹಾಕಿ ತಳದವರೆಗೆ ತಿರುವಿ.

ಹೆಪ್ಪು ನಿನ್ನೆಯದೋ ಮೊನ್ನೆಯದೋ ಆಗಿದ್ದರೆ ಒಳ್ಳೆಯದು. ವಾರವಿಡೀ ಫ್ರಿಜ್‌ನಲ್ಲಿ ಕುಳಿತದ್ದು ಹುಳಿಯನ್ನೇ ಕೊಡುತ್ತದೆ. ಹಣ್ಣಿನ ರುಚಿ, ಸಕ್ಕರೆ ಸೇರಿಸಿದ ಕಪ್ ಮೊಸರನ್ನು ಹೆಪ್ಪಿಗೆ ನಂಬಬೇಡಿ. ಅಂಗಡಿಯದೇ ಬೇಕಾದರೆ ಸಾದಾ ಮೊಸರಿನ ಪ್ಯಾಕೆಟ್ ತನ್ನಿ.

4. ಬೆಚ್ಚಗಿಟ್ಟು ಮರೆತುಬಿಡಿ

ಮುಚ್ಚಿ, ದಪ್ಪ ಟವೆಲ್ ಸುತ್ತಿ, ಅಕ್ಕಿ ಡಬ್ಬದೊಳಗೆ ಇಡಿ. ಹಾಟ್‌ಬಾಕ್ಸ್ ಇದ್ದರೆ ಇನ್ನೂ ಸಲೀಸು. ಮೊಸರು ಮಾಡುವ ಮಷಿನ್ ಮಾಡುವುದೂ ಬಿಸಿ ಕಾಯುವ ಕೆಲಸವನ್ನೇ, ಅದಕ್ಕೆ ದುಡ್ಡು ಸುರಿಯುವುದು ದಂಡ. ಬೇಸಿಗೆಯಲ್ಲಿ ಐದಾರು ಗಂಟೆ, ಚಳಿಯಲ್ಲಿ ಎಂಟು ಹತ್ತು.

ಮೊಮ್ಮಗಳು ಮಲಗುವ ಮುಂಚೆ ಎರಡು ಸಲ ಮುಚ್ಚಳ ತೆಗೆದಳು. ಮೂರನೆಯ ಸಲ ಚಮಚ ಹಿಡಿದು ಹೋದಾಗ ಅಜ್ಜಿ ತಡೆದರು. "ಕಟ್ಟೋ ಹೊತ್ತಲ್ಲಿ ಅಲ್ಲಾಡಿಸಿದ್ರೆ ಒಡೆಯತ್ತೆ, ನೀರು ಬಿಡತ್ತೆ. ನೋಡೋದಾದ್ರೆ ಬೆಳಿಗ್ಗೆ ನೋಡು."

5. ಆಯಿತೋ ಇಲ್ಲವೋ

ಪಾತ್ರೆಯನ್ನು ಮೆಲ್ಲಗೆ ಒಂದು ಕಡೆಗೆ ವಾಲಿಸಿ. ಮೊಸರು ಅಂಚಿನಿಂದ ಒಂದೇ ಗಡ್ಡೆಯಾಗಿ ಬಿಟ್ಟುಕೊಂಡರೆ ಆಗಿದೆ. ಹಾಲಿನ ಹಾಗೆ ಹರಿದರೆ ಮತ್ತೆ ಮುಚ್ಚಿ, ಪಾತ್ರೆಯನ್ನು ಬಿಸಿನೀರಿನ ತಟ್ಟೆಯಲ್ಲಿ ಇನ್ನೊಂದೆರಡು ಗಂಟೆ ಇಡಿ, ಹೆಚ್ಚಾಗಿ ಕಟ್ಟಿಕೊಳ್ಳುತ್ತದೆ. ಆದ ಮೇಲೆ ಹೊರಗೆ ಬಿಡಬೇಡಿ, ಹುಳಿ ಏರುತ್ತಲೇ ಇರುತ್ತದೆ. ಫ್ರಿಜ್‌ಗೆ ಸೇರಿಸಿ, ಎರಡು ಗಂಟೆಯಲ್ಲಿ ಇನ್ನಷ್ಟು ಬಿಗಿಯುತ್ತದೆ.

ಬೆಳಿಗ್ಗೆ ಅಜ್ಜಿ ಪಾತ್ರೆ ವಾಲಿಸಿ ತೋರಿಸಿದರು. ಮೊಮ್ಮಗಳು ಅನ್ನದ ತಟ್ಟೆ ಚಾಚಿದಳು. ಅಜ್ಜಿ ಮೊದಲು ಒಣಗಿದ ಚಮಚದಿಂದ ನಡುವಿನ ಮೊಸರನ್ನು ಎರಡು ಚಮಚ ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರು. ಅದು ಇವತ್ತು ರಾತ್ರಿಯ ಹೆಪ್ಪು. ಅದಾದ ಮೇಲೆ ತಟ್ಟೆಗೆ ಬಡಿಸಿದರು.